ಎದುರುಬದುರು ತಿರುಗುವ ಮುಳ್ಳುಗಳು

ಅಮೆರಿಕದ ಹಳೆಯ ಮನೆಗಳ ಹೊರಗೋಡೆಯ ಮೇಲೆ ಈಗಲೂ ಅಲ್ಲಲ್ಲಿ ದುಂಡನೆಯ ಗಾಜಿನ ಮುಚ್ಚಳದ ಕರೆಂಟ್ ಮೀಟರ್ ಕಾಣಸಿಗುತ್ತದೆ. ನಮ್ಮ ಕಡೆಯ ಹಳೆಯ ಮೀಟರುಗಳಲ್ಲಿ ಅಂಕಿಗಳು ಉರುಳಿ ಸಾಲಾಗಿ ನಿಲ್ಲುತ್ತಿದ್ದವು, ಓದಿ ಬರೆದುಕೊಂಡರೆ ಮುಗಿಯಿತು. ಇದರಲ್ಲಿರುವುದು ಐದು ಪುಟ್ಟ ಡಯಲ್‌ಗಳು. ಪ್ರತಿಯೊಂದರಲ್ಲೂ 0ಯಿಂದ 9ರವರೆಗೆ ಅಂಕಿಗಳು, ಒಂದು ಮುಳ್ಳು. ಬಲತುದಿಯ ಡಯಲ್ ಬಿಡಿ ಯೂನಿಟ್‌ಗಳದ್ದು. ಅಲ್ಲಿಂದ ಎಡಕ್ಕೆ ಹತ್ತು, ನೂರು, ಸಾವಿರ, ಹತ್ತು ಸಾವಿರ.

ಬಲತುದಿಯ ಮುಳ್ಳು ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ, ಅದರ ಪಕ್ಕದ್ದು ಉಲ್ಟಾ. ಮೂರನೆಯದು ಮತ್ತೆ ಗಡಿಯಾರದ ದಿಕ್ಕಿಗೆ. ಹಲ್ಲಿಗೆ ಹಲ್ಲು ಕೂಡಿದ ಎರಡು ಚಕ್ರಗಳಲ್ಲಿ ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೇ ತಿರುಗಬೇಕು. ಎಲ್ಲವನ್ನೂ ಒಂದೇ ದಿಕ್ಕಿಗೆ ತಿರುಗಿಸಬೇಕೆಂದರೆ ನಡುವೆ ಇನ್ನೊಂದೊಂದು ಚಕ್ರ ಬೇಕು, ಅದರ ಜೊತೆಗೆ ಅಷ್ಟು ತಿಕ್ಕಾಟವೂ ಹೆಚ್ಚು. ಅದರ ಬದಲು ಒಂದು ಬಿಟ್ಟು ಒಂದು ಡಯಲ್‌ನಲ್ಲಿ ಅಂಕಿಗಳನ್ನೇ ಹಿಂದುಮುಂದಾಗಿ ಅಚ್ಚು ಹಾಕಿದ್ದಾರೆ. ಬಹಳ ಅಚ್ಚುಕಟ್ಟಾದ ಉಪಾಯ.

ಮುಳ್ಳು ಎರಡು ಅಂಕಿಗಳ ನಡುವೆ ಇದ್ದರೆ ಚಿಕ್ಕದನ್ನು ಬರೆದುಕೊಳ್ಳಬೇಕು. 9 ಮತ್ತು 0 ನಡುವೆ ಇದ್ದರೆ ಮಾತ್ರ 9, ಏಕೆಂದರೆ ಅಲ್ಲಿ 0 ಎಂದರೆ ಹತ್ತು. ಗಡಿಯಾರದ ಅಭ್ಯಾಸದಲ್ಲೇ ಉಲ್ಟಾ ಡಯಲ್ ನೋಡಿದವರು 6 ಮತ್ತು 7ರ ನಡುವಿನ ಮುಳ್ಳು 7 ದಾಟಿದೆ ಎಂದುಕೊಳ್ಳುತ್ತಾರೆ. ಸಾವಿರದ ಡಯಲ್‌ನಲ್ಲಿ ಹಾಗಾದರೆ ಸಾವಿರ ಯೂನಿಟ್ ವ್ಯತ್ಯಾಸ.

ನಿಜವಾದ ತೊಡಕು ಮುಳ್ಳು ಸರಿಯಾಗಿ ಅಂಕಿಯ ಮೇಲೇ ನಿಂತಂತೆ ಕಂಡಾಗ. ಒಂದು ಮೀಟರಿನಲ್ಲಿ ಎಡದಿಂದ ನೋಡಿದರೆ ಮೊದಲ ಮುಳ್ಳು 2 ಮತ್ತು 3ರ ನಡುವೆ, ಎರಡನೆಯದು 7ರ ಮೇಲೆ, ಮೂರನೆಯದು 0 ಮೇಲೆ, ನಾಲ್ಕನೆಯದು 9 ಮತ್ತು 0 ನಡುವೆ, ಕೊನೆಯದು 5ರ ಮೇಲೆ ಇವೆ ಎನ್ನಿ. ಕಂಡದ್ದನ್ನು ಕಂಡಂತೆ ಬರೆದರೆ 27095.

ಈಗ ಬಲದಿಂದ ಓದಿ. ಬಿಡಿ 5. ಹತ್ತರದ್ದು 9, ಅಂದರೆ ಅದರ ಸುತ್ತು ಇನ್ನೂ ಮುಗಿದಿಲ್ಲ. ಹಾಗಿದ್ದ ಮೇಲೆ ನೂರರ ಮುಳ್ಳು 0 ಮುಟ್ಟಿರಲು ಸಾಧ್ಯವಿಲ್ಲ, ಅದು 9. ನೂರರದ್ದೂ ಸುತ್ತು ಮುಗಿಸದ ಕಾರಣ ಸಾವಿರದ್ದು 7 ಅಲ್ಲ, 6. ಸರಿಯಾದ ರೀಡಿಂಗ್ 26995.

ಮುಂದಿನ ತಿಂಗಳು ಮೀಟರ್ 27410 ತೋರಿಸಿತೆಂದರೆ ಬಳಕೆ 415 ಯೂನಿಟ್. ಹಿಂದೆ 27095 ಎಂದು ಬರೆದಿದ್ದರೆ ಹೋದ ತಿಂಗಳ ಬಿಲ್ಲಿಗೆ 100 ಯೂನಿಟ್ ಹೆಚ್ಚು ಸೇರಿ, ಈ ತಿಂಗಳು 315 ಮಾತ್ರ ಬರುತ್ತದೆ. ಒಟ್ಟು ಲೆಕ್ಕ ಸರಿಹೋಗುತ್ತದೆ. ಆದರೆ ಬಳಕೆ ಏರಿದಂತೆ ದರವೂ ಏರುವ ಕಡೆ ಆ ನೂರು ಯೂನಿಟ್‌ಗೆ ದುಬಾರಿ ದರ ಬಿದ್ದಿರಬಹುದು.

ಬಲಗಡೆಯ ಡಯಲ್ 2 ತೋರಿಸುತ್ತಿದ್ದರೆ ಎಡದ ಮುಳ್ಳು ತನ್ನ ಅಂಕಿಯನ್ನು ಆಗಷ್ಟೇ ದಾಟಿರಬೇಕು, 8 ಎಂದಿದ್ದರೆ ಮುಂದಿನ ಅಂಕಿಯ ಹತ್ತಿರ ಬಂದಿರಬೇಕು. ಹಾಗಿಲ್ಲದಿದ್ದರೆ ಮುಳ್ಳು ತುಸು ವಾಲಿದೆ ಎಂದರ್ಥ. ಆಗಲೂ ಬಲಗಡೆಯದನ್ನೇ ನಂಬಿ ಓದಬೇಕು.