ಹೊರಬಂದದ್ದೆಲ್ಲ ಮೂಲವ್ಯಾಧಿಯಲ್ಲ

ಅರವತ್ತೆಂಟರ ಅಜ್ಜಿಯೊಬ್ಬರಿಗೆ ಕಕ್ಕಸಿಗೆ ಕೂತಾಗ ಗುದದ್ವಾರದಿಂದ ಕೆಂಪನೆಯ ಗಡ್ಡೆ ಹೊರಬರುತ್ತದೆ. ಕೈಯಿಂದ ಒತ್ತಿದರೆ ಒಳಗೆ ಹೋಗುತ್ತದೆ. ಸೀರೆಗೆ ಲೋಳೆ ಅಂಟುತ್ತದೆ, ಮಲ ತಡೆಯುವುದೂ ಕಷ್ಟ. ಮನೆಯವರು ಅದಕ್ಕೆ ಪೈಲ್ಸ್ ಎಂದು ಹೆಸರಿಟ್ಟು ಮುಲಾಮು ತರುತ್ತಾರೆ. ವೈದ್ಯರ ಮಂಚದ ಮೇಲೆ ಮಲಗಿದಾಗ ಆ ಗಡ್ಡೆ ಕಾಣುವುದೇ ಇಲ್ಲ. ತಪ್ಪು ನಡೆಯುವುದು ಹೆಚ್ಚಾಗಿ ಇಲ್ಲಿಯೇ.

ಮೂಲವ್ಯಾಧಿಯಲ್ಲಿ ಜಾರುವುದು ಗುದದ್ವಾರದ ಒಳಗೆ ಸಹಜವಾಗಿಯೇ ಇರುವ, ರಕ್ತನಾಳ ತುಂಬಿದ ಮೆತ್ತನೆಯ ದಿಂಡುಗಳು. ಅವು ಸಾಮಾನ್ಯವಾಗಿ ಮೂರು ಕಡೆ ಬೇರೆ ಬೇರೆಯಾಗಿ ಉಬ್ಬುತ್ತವೆ. ಹಾಗಾಗಿ ಹೊರಬಂದ ಭಾಗ ಬಿಡಿಬಿಡಿ ಗಡ್ಡೆಗಳಾಗಿ ಕಾಣುತ್ತದೆ, ಅವುಗಳ ನಡುವಿನ ಗೆರೆಗಳು ನಡುಮಧ್ಯದಿಂದ ಅಂಚಿನತ್ತ ಚಕ್ರದ ಅರಗಳ ಹಾಗೆ ಹರಡಿರುತ್ತವೆ. ನೋವಿಲ್ಲದೆ ಕೆಂಪು ರಕ್ತ ತೊಟ್ಟಿಕ್ಕುವುದು ಇದರಲ್ಲಿ ಹೆಚ್ಚು.

ಅಜ್ಜಿಯದು ರೆಕ್ಟಲ್ ಪ್ರೊಲ್ಯಾಪ್ಸ್ ಆಗಿದ್ದರೆ ಹೊರಬರುವುದು ಗುದನಾಳದ ಇಡೀ ಗೋಡೆ. ಸುತ್ತಲೂ ಒಂದೇ ಸಮನೆ ಇಳಿಯುವುದರಿಂದ ಮಡಿಕೆಗಳು ಒಂದರೊಳಗೊಂದು ಬಳೆಗಳಂತೆ ದುಂಡಗಿರುತ್ತವೆ, ನಡುವೆ ರಂಧ್ರ ಕಾಣುತ್ತದೆ. ಕೆಲವೊಮ್ಮೆ ಹಲವು ಸೆಂಟಿಮೀಟರ್ ಉದ್ದ ಇಳಿಯುವುದುಂಟು. ಮೊದಮೊದಲು ಮುಕ್ಕಿದಾಗ ಮಾತ್ರ, ಬರಬರುತ್ತ ಕೆಮ್ಮಿದರೂ ನಡೆದರೂ ಬರುತ್ತದೆ. ವಯಸ್ಸಾದ ಹೆಂಗಸರಲ್ಲಿ ಹೆಚ್ಚಾದರೂ ಗಂಡಸರಿಗೂ ಮಕ್ಕಳಿಗೂ ಆಗುತ್ತದೆ. ಪೈಲ್ಸ್‌ಗೆ ಹಾಕುವ ರಬ್ಬರ್ ಬ್ಯಾಂಡ್ ಇದನ್ನು ಸರಿಪಡಿಸದು. ದೊಡ್ಡವರಲ್ಲಿ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ರೆಕ್ಟೊಸೀಲ್‌ನಲ್ಲಿ ಉಬ್ಬು ಗುದದ್ವಾರದಿಂದ ಬರುವುದಿಲ್ಲ. ಯೋನಿ ಮತ್ತು ಗುದನಾಳದ ನಡುವಿನ ಗೋಡೆ ಸಡಿಲಗೊಂಡು, ಗುದನಾಳ ಯೋನಿಯ ಕಡೆಗೆ ಚಾಚುತ್ತದೆ. ಮುಕ್ಕಿದಷ್ಟೂ ಮಲ ಆ ಚೀಲಕ್ಕೆ ನುಗ್ಗಿ ಪೂರ್ತಿ ಹೋಗಿಲ್ಲವೆನಿಸುತ್ತದೆ. ಯೋನಿಯ ಹಿಂಗೋಡೆಯನ್ನೋ ಯೋನಿಗೂ ಗುದಕ್ಕೂ ನಡುವಿನ ಜಾಗವನ್ನೋ ಬೆರಳಿನಿಂದ ಒತ್ತಿದರೆ ಮಾತ್ರ ಮಲ ಹೋಗುವುದಾದರೆ ಅದು ದೊಡ್ಡ ಸುಳಿವು. ನಾಚಿಕೆಯಿಂದ ಹೆಂಗಸರು ಇದನ್ನೇ ಮುಚ್ಚಿಡುತ್ತಾರೆ. ವೈದ್ಯರೂ ಬಾಯಿಬಿಟ್ಟು ಕೇಳಬೇಕು.

ಇವು ಒಬ್ಬರಲ್ಲೇ ಒಟ್ಟಿಗೆ ಇರಲೂಬಹುದು, ಕನ್ನಡಿಯಲ್ಲಿ ನೋಡಿ ತೀರ್ಮಾನಿಸುವಂಥದ್ದಲ್ಲ. ಮಲಗಿದಾಗ ಗಡ್ಡೆ ಕಾಣದಿದ್ದರೆ ಕುಕ್ಕರಗಾಲಲ್ಲಿ ಅಥವಾ ಕಮೋಡ್ ಮೇಲೆ ಕೂರಿಸಿ, ಮುಕ್ಕಿಸಿ ನೋಡಬೇಕು. ಆಗಲೂ ಹೊರಬಾರದಿದ್ದರೆ ಮನೆಯಲ್ಲಿ ಬಂದಾಗ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಬಹಳ ನೆರವಾಗುತ್ತದೆ, ಸಂಕೋಚಪಡದೆ ತೋರಿಸಿ. ರಕ್ತ ಹೋಗುತ್ತಿದ್ದರೆ, ಅದರಲ್ಲೂ ತೂಕ ಇಳಿದಿದ್ದರೆ ಅಥವಾ ಮಲದ ರೂಢಿ ಬದಲಾಗಿದ್ದರೆ, ಕರುಳಿನ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಹೊರಬಂದದ್ದು ಒಳಗೆ ಹೋಗದೆ ವಿಪರೀತ ನೋಯುತ್ತಿದ್ದರೆ, ನೀಲಿಗಟ್ಟಿದರೆ ಅಥವಾ ಕಪ್ಪಾದರೆ ಬಲವಂತವಾಗಿ ತಳ್ಳಬೇಡಿ. ರಕ್ತ ಓಡಾಟ ನಿಲ್ಲುತ್ತಿರಬಹುದು, ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.