ಹಂಡೆ ಒಲೆಯ ಹೊಗೆಯಲ್ಲಿ ಕಂಡ ಆಕಾಶ

ದೀಪಾವಳಿಗೆ ಕಳಸದ ಹತ್ತಿರದ ನಮ್ಮ ತೋಟದ ಮನೆಗೆ ಹೋಗಿದ್ದೆ. ಏಳು ವರ್ಷದ ಅಕ್ಕನ ಮಗಳು ಅಂಗಳದಲ್ಲಿ ನಿಂತು, "ಮಾವ, ಆಕಾಶ ಯಾಕೆ ನೀಲಿ?" ಅಂದಳು. ಸಮುದ್ರದ ಬಣ್ಣ ಅಲ್ಲಿ ಕಾಣುತ್ತೆ ಅಂದುಬಿಟ್ಟೆ. "ಇಲ್ಲೆಲ್ಲಿದೆ ಸಮುದ್ರ?" ಅಂದಳು. ಎಂಜಿನಿಯರಿಂಗ್ ಓದಿದವನ ಮಾನ ಹೋಯ್ತು.

ಸರಿಯಾದ ಉತ್ತರ ನಮ್ಮ ಬಚ್ಚಲುಮನೆಯ ಮೇಲೇ ಇತ್ತು. ಹಂಡೆ ಒಲೆಯಿಂದ ಎದ್ದ ಹೊಗೆ, ಹಿಂದೆ ಕಪ್ಪಗೆ ನಿಂತ ಮರಗಳೆದುರು ತೆಳು ನೀಲಿಯಾಗಿ ಕಾಣುತ್ತಿತ್ತು. ಅದೇ ಹೊಗೆ ಇನ್ನೂ ಮೇಲೇರಿ ಸಂಜೆಯ ಬೆಳಕಿಗೆ ಅಡ್ಡ ಬಂದಾಗ ಕಂದು ಹಳದಿ. ಹೊಗೆ ಒಂದೇ, ಬಣ್ಣ ಎರಡು!

ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಇವೆ. ಕೆಂಪಿನ ಅಲೆ ಉದ್ದ, ನೀಲಿಯದು ಗಿಡ್ಡ. ಬೆಳಕಿನ ಅಲೆಗಿಂತ ಚಿಕ್ಕದಾದ ಕಣ ಎದುರಾದರೆ ಗಿಡ್ಡ ಅಲೆಯೇ ಹೆಚ್ಚು ಚದುರುತ್ತದೆ. ಮರಗಳ ಎದುರು ನಾನು ನೋಡಿದ್ದು ಹೊಗೆ ಪಕ್ಕಕ್ಕೆ ಚದುರಿಸಿದ ಬೆಳಕು. ಮೇಲೆ ಕಂಡದ್ದು ನೀಲಿ ಕಳೆದುಕೊಂಡು ಹೊಗೆ ದಾಟಿ ಬಂದ ಬೆಳಕು.

ಗಾಳಿಯ ಸಾರಜನಕ, ಆಮ್ಲಜನಕದ ಅಣುಗಳು ಹೊಗೆಯ ಕಣಕ್ಕಿಂತಲೂ ಎಷ್ಟೋ ಚಿಕ್ಕವು. ಅಲ್ಲಿ ಈ ತಾರತಮ್ಯ ಇನ್ನೂ ಜೋರು. 1871ರಲ್ಲಿ ರ‍್ಯಾಲೆ ಹಾಕಿದ ಲೆಕ್ಕದ ಪ್ರಕಾರ ಅಲೆಯ ಉದ್ದ ಅರ್ಧವಾದರೆ ಚದುರುವಿಕೆ 16 ಪಟ್ಟು. ಕೆಂಪಿಗಿಂತ ನೀಲಿ ಸುಮಾರು 4 ಪಟ್ಟು ಹೆಚ್ಚು ಚದುರುತ್ತದೆ. ಹಾಗಾಗಿ ಸೂರ್ಯನನ್ನು ಬಿಟ್ಟು ಬೇರೆಲ್ಲಿ ನೋಡಿದರೂ ಕಣ್ಣಿಗೆ ಬರೋದು ಹೀಗೆ ಚದುರಿದ ನೀಲಿಯೇ. ನೇರಳೆ ಇನ್ನೂ ಹೆಚ್ಚು ಚದುರುತ್ತದೆ, ನಿಜ. ಆದರೆ ಬಿಸಿಲಿನಲ್ಲಿ ಅದು ಕಡಿಮೆ, ನಮ್ಮ ಕಣ್ಣಿಗೂ ಅದು ಮಂದ.

ಮುಳ್ಳಯ್ಯನಗಿರಿಯಲ್ಲಿ ಸೂರ್ಯಾಸ್ತ ನೋಡಿದವರಿಗೆ ಉಳಿದರ್ಧ ಗೊತ್ತು. ದಿಗಂತದಲ್ಲಿರುವ ಸೂರ್ಯನ ಬೆಳಕು, ನೆತ್ತಿಯ ಮೇಲಿದ್ದಾಗ ದಾಟುವುದರ ಸುಮಾರು 38 ಪಟ್ಟು ಗಾಳಿಯನ್ನು ದಾಟಿ ಬರಬೇಕು. ಅಷ್ಟರಲ್ಲಿ ಅದರ ನೀಲಿಯೆಲ್ಲ ದಾರಿಯುದ್ದಕ್ಕೂ ಬೇರೆ ಊರುಗಳ ಆಕಾಶಕ್ಕೆ ಹಂಚಿಹೋಗಿರುತ್ತೆ. ನಮಗೆ ಉಳಿಯೋದು ಕಿತ್ತಳೆ, ಕೆಂಪು.

ಹಾಗಾದರೆ ಮೂಡಿಗೆರೆಯ ಬೆಳಗಿನ ಮಂಜು ಯಾಕೆ ಬಿಳಿ? ಮಂಜಿನ ಹನಿ ಬೆಳಕಿನ ಅಲೆಗಿಂತ ಹತ್ತಾರು ಪಟ್ಟು ದೊಡ್ಡದು. ಅದಕ್ಕೆ ಬಣ್ಣಗಳಲ್ಲಿ ಭೇದವಿಲ್ಲ, ಎಲ್ಲವನ್ನೂ ಒಂದೇ ಸಮ ಚದುರಿಸುತ್ತೆ. ಹಸಿ ಸೌದೆ ಹಾಕಿದರೆ ಹೊಗೆ ಬೆಳ್ಳಗಾಗುವುದೂ ಇದೇ ಕಾರಣಕ್ಕೆ, ಅದರ ತುಂಬ ನೀರಿನ ಹನಿ.

ರಾತ್ರಿ ಲೈಟ್ ಆರಿಸಿ, ಗಾಜಿನ ಜಾಡಿಯಲ್ಲಿ ನೀರು ತುಂಬಿ, ಕೆನೆ ತೆಗೆದ ಹಾಲು ನಾಲ್ಕೇ ಹನಿ ಬಿಟ್ಟು ಕಲಕಿದೆ. ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಹಿಡಿದೆ. ಪಕ್ಕದಿಂದ ನೋಡಿದರೆ ನೀರಿಗೆ ನೀಲಿ ಛಾಯೆ. ಎದುರು ಬದಿಯಿಂದ ನೋಡಿದರೆ ಟಾರ್ಚೇ ಕಿತ್ತಳೆ. ಸೊಸೆಗೆ ಅಷ್ಟು ಸಾಲಲಿಲ್ಲ, ನಾನು ಬೇಡ ಅನ್ನುವಷ್ಟರಲ್ಲಿ ಅರ್ಧ ಲೋಟ ಹಾಲು ಸುರಿದಳು. ನೀಲಿಯೂ ಹೋಯ್ತು, ಕಿತ್ತಳೆಯೂ ಹೋಯ್ತು.

"ಮಾವ, ಮಂಜು ಬಂತು!" ಅಂದಳು.