ಮಾತಿನ ಉಸಿರಿಗೆ ತಕ್ಕ ಸಾಲು

ಸಂದರ್ಶನದ ಮಾತನ್ನೆಲ್ಲ ಕೇಳಿ ಬರೆದಿಟ್ಟ ಮೇಲೆ ಸಬ್‌ಟೈಟಲ್ ಸಿದ್ಧವಾದಂತೆಯೇ ಅನ್ನಿಸುತ್ತದೆ. ಆದರೆ ಆ ಬರಹ ಪುಟದ ಮೇಲೆ ಓದಲು ಆದದ್ದು. ವಿಡಿಯೋ ನೋಡುವವರು ಹಿಂದಿನ ಸಾಲಿಗೆ ಮರಳಲಾರರು. ಒಂದೇ ನೋಟಕ್ಕೆ ಅರ್ಥವಾಗುವಷ್ಟು ಮಾತ್ರ, ಅದು ಕಿವಿಗೆ ಬೀಳುವ ಹೊತ್ತಿಗೇ ಅವರಿಗೆ ಕಾಣಬೇಕು. ಬರಹವನ್ನು ಹಾಗೆ ತುಂಡು ಮಾಡಿ ಜೋಡಿಸಿದ ಕಡತವೇ ಎಸ್‌ಆರ್‌ಟಿ. ಅದು ಬರೀ ಪಠ್ಯ. ಪ್ರತಿ ತುಂಡಿಗೂ ಒಂದು ಸಂಖ್ಯೆ, ಆರಂಭ ಮತ್ತು ಅಂತ್ಯದ ಸಮಯ, ಒಂದೋ ಎರಡೋ ಸಾಲು ಮಾತು, ಕೊನೆಗೆ ಒಂದು ಖಾಲಿ ಸಾಲು.

ಒಂದು ಉದಾಹರಣೆ ನೋಡೋಣ. ಊರಿನ ಕೆರೆಯ ಬಗ್ಗೆ ಅಜ್ಜಿಯೊಬ್ಬರು ಹೇಳಿದ್ದು ಬರಹದಲ್ಲಿ ಹೀಗಿದೆ: ‘ನೋಡಪ್ಪ, ನಮ್ಮೂರ ಕೆರೆ ಮೊದಲು ಬೇಸಿಗೇಲೂ ಬತ್ತುತ್ತಿರಲಿಲ್ಲ, ಈಗ ಸಂಕ್ರಾಂತಿ ಕಳೆಯೋದ್ರೊಳಗೆ ನೆಲ ಕಾಣುತ್ತೆ, ದನಕ್ಕೆ ನೀರು ಕುಡಿಸೋಕೆ ಎರಡು ಮೈಲಿ ನಡೀಬೇಕು.’ ‘ನೋಡಪ್ಪ’ ಬಿಟ್ಟರೆ, ಈ ಮಾತು 1 ನಿಮಿಷ 12.4 ಸೆಕೆಂಡಿಗೆ ಶುರುವಾಗಿ 1 ನಿಮಿಷ 22 ಸೆಕೆಂಡಿಗೆ ಮುಗಿಯುತ್ತದೆ.

ಮೊದಲು ಮಾತನ್ನು ಒಡೆಯಬೇಕು. ಕನ್ನಡದಲ್ಲಿ ಹೌದೋ ಅಲ್ಲವೋ ಎಂಬುದು ವಾಕ್ಯದ ತುದಿಯಲ್ಲಿ ತಿಳಿಯುತ್ತದೆ. ‘ಬೇಸಿಗೇಲೂ’ ಎಂಬಲ್ಲಿಗೆ ತುಂಡು ನಿಲ್ಲಿಸಿದರೆ ಕೆರೆ ಬತ್ತುತ್ತಿತ್ತೋ ಇಲ್ಲವೋ ಗೊತ್ತಾಗದೆ ಓದುವವರು ಕಾಯಬೇಕಾಗುತ್ತದೆ. ಆದ್ದರಿಂದ ಆದಷ್ಟೂ ಕ್ರಿಯಾಪದದ ತನಕ ಹೋಗಿ ನಿಲ್ಲಬೇಕು. ಒಂದು ತುಂಡಿನೊಳಗೆ ಸಾಲು ಮುರಿಯುವಾಗಲೂ ‘ಎರಡು’ ಮೇಲೆ, ‘ಮೈಲಿ’ ಕೆಳಗೆ ಬರಬಾರದು. ‘ನೋಡಪ್ಪ’ ಎಂಬುದನ್ನು ನಾನು ಬಿಡುತ್ತೇನೆ. ಅದು ಕಿವಿಗೆ ಕೇಳಿಯೇ ಇರುತ್ತದೆ. ಕೇಳಿಸದವರಿಗೆಂದೇ ಮಾಡುವ ಸಬ್‌ಟೈಟಲ್ ಆಗಿದ್ದರೆ ಉಳಿಸಬೇಕು. ‘ನಡೀಬೇಕು’ ಎಂಬುದನ್ನು ಮಾತ್ರ ‘ನಡೆಯಬೇಕು’ ಎಂದು ತಿದ್ದಲೇಬಾರದು. ಅಜ್ಜಿಯ ಬಾಯಲ್ಲಿ ಒಂದು, ಪರದೆಯ ಮೇಲೆ ಇನ್ನೊಂದು ಬಂದರೆ ಓದುವವರ ಗಮನ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅಜ್ಜಿಗೂ ಅದು ಗೌರವವಲ್ಲ.

ಮೂರು ತುಂಡುಗಳಾದವು. ಇವುಗಳಲ್ಲಿ ಕ್ರಮವಾಗಿ 18, 16, 18 ಅಕ್ಷರಗಳಿವೆ. ಒಟ್ಟು 9.6 ಸೆಕೆಂಡನ್ನು ಇದೇ ಪ್ರಮಾಣದಲ್ಲಿ ಹಂಚಿದರೆ ಎರಡನೆಯದು ಸುಮಾರು 15.7ಕ್ಕೆ ಬರುತ್ತದೆ. ಇದು ಅಂದಾಜಷ್ಟೆ. ಧ್ವನಿಯ ಅಲೆಚಿತ್ರ ನೋಡುತ್ತ ಕೇಳಿದರೆ, ಅಜ್ಜಿ 15.4ಕ್ಕೆ ನಿಲ್ಲಿಸಿ, ಉಸಿರು ತೆಗೆದುಕೊಂಡು, ‘ಈಗ’ ಎನ್ನುವುದು 16.1ಕ್ಕೆ. ಅಂದಾಜಿನ ಸಮಯವನ್ನೇ ಉಳಿಸಿದ್ದರೆ ಕೆರೆ ಬತ್ತಿದ ಸುದ್ದಿ ಅಜ್ಜಿ ಬಾಯಿ ತೆರೆಯುವ ಮುಂಚೆಯೇ ಬಯಲಾಗುತ್ತಿತ್ತು. ತಿದ್ದಿದ ಮೇಲೆ ಕಡತ ಹೀಗಾಗುತ್ತದೆ:

```
14
00:01:12,400 --> 00:01:15,400
ನಮ್ಮೂರ ಕೆರೆ ಮೊದಲು
ಬೇಸಿಗೇಲೂ ಬತ್ತುತ್ತಿರಲಿಲ್ಲ.

15
00:01:16,100 --> 00:01:18,900
ಈಗ ಸಂಕ್ರಾಂತಿ ಕಳೆಯೋದ್ರೊಳಗೆ
ನೆಲ ಕಾಣುತ್ತೆ.

16
00:01:19,000 --> 00:01:22,000
ದನಕ್ಕೆ ನೀರು ಕುಡಿಸೋಕೆ
ಎರಡು ಮೈಲಿ ನಡೀಬೇಕು.
```

ಮಾತು ನಿಲ್ಲದಿದ್ದರೂ 15 ಮತ್ತು 16ರ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗ ಬಿಟ್ಟಿದೆ. ಆ ಚಿಕ್ಕ ಮಿಣುಕಿನಿಂದಲೇ ಸಾಲು ಬದಲಾದದ್ದು ಕಣ್ಣಿಗೆ ತಿಳಿಯುವುದು. ಎಷ್ಟೇ ಚಿಕ್ಕ ಮಾತಾದರೂ ಸುಮಾರು ಒಂದು ಸೆಕೆಂಡು ಇರಬೇಕು, ಎಷ್ಟೇ ಉದ್ದವಾದರೂ ಏಳು ಸೆಕೆಂಡು ಮೀರಬಾರದು.

ಸಾಲಿನ ಉದ್ದದ ವಿಷಯದಲ್ಲಿ ಇಂಗ್ಲಿಷಿನ ಅಳತೆ ನಮಗೆ ಹೊಂದುವುದಿಲ್ಲ. ಅಲ್ಲಿ ಸಾಲಿಗೆ 42 ಅಕ್ಷರ ಎಂಬ ಮಿತಿಯನ್ನು ಬಹಳ ಕಡೆ ಪಾಲಿಸುತ್ತಾರೆ. ಆದರೆ 14ನೇ ತುಂಡಿನ ಎರಡನೇ ಸಾಲನ್ನು ನೋಡಿ. ನಾವು ಓದುವ ಅಕ್ಷರ ಹತ್ತೇ. ಯೂನಿಕೋಡ್ ಲೆಕ್ಕದಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆ ಎಲ್ಲ ಬೇರೆ ಬೇರೆಯಾಗಿ ಎಣಿಕೆಯಾಗಿ 25 ಆಗುತ್ತದೆ. ಒತ್ತಕ್ಷರ ಹೆಚ್ಚಿದಷ್ಟೂ ಈ ಅಂತರ ಹೆಚ್ಚುತ್ತದೆ. ಹಾಗಾಗಿ ತಂತ್ರಾಂಶ ತೋರಿಸುವ ಸಂಖ್ಯೆಯನ್ನು ನಂಬಿ ಕೂರದೆ ಅಗಲವನ್ನು ಕಣ್ಣಿನಿಂದಲೇ ಅಳೆಯಬೇಕು. ಸಾಲಿಗೆ ಹದಿನೆಂಟು-ಇಪ್ಪತ್ತು ಅಕ್ಷರ ಎಂಬುದು ಮೊಬೈಲ್ ಪರದೆಗೂ ಹಿತವಾದ ಮಿತಿ ಎಂದು ನನ್ನ ಅನಿಸಿಕೆ. ಒತ್ತುಗಳು ಕೆಳಗಿಳಿಯುವುದರಿಂದ ನಮ್ಮ ಎರಡು ಸಾಲುಗಳೇ ಸಾಕಷ್ಟು ಎತ್ತರವಾಗುತ್ತವೆ, ಮೂರನೆಯದನ್ನು ಸೇರಿಸಿದರೆ ಚಿತ್ರವೇ ಮುಚ್ಚುತ್ತದೆ.

ಕಡತ ಓಡದಿದ್ದರೆ ಕಾರಣ ಸಾಮಾನ್ಯವಾಗಿ ಚಿಕ್ಕದು. ಮಿಲಿಸೆಕೆಂಡಿನ ಮುಂದೆ ಅಲ್ಪವಿರಾಮದ ಬದಲು ಚುಕ್ಕಿ ಬಿದ್ದಿರಬಹುದು, ಅಥವಾ ವರ್ಡ್‌ನಲ್ಲಿ ಟೈಪ್ ಮಾಡಿದ್ದರೆ `-->` ತಾನಾಗಿ ಒಂದೇ ಬಾಣದ ಗುರುತಾಗಿ ಬದಲಾಗಿರಬಹುದು. ನೋಟ್‌ಪ್ಯಾಡ್‌ನಲ್ಲೋ ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲೋ ಕೆಲಸ ಮಾಡುವುದು ಕ್ಷೇಮ. ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಕಡತವನ್ನು `UTF-8` ಆಗಿ ಉಳಿಸಿಲ್ಲ ಎಂದರ್ಥ. ಒಮ್ಮೆ ಹಾಗೆ ಉಳಿಸಿದ ಮೇಲೆ ಅಕ್ಷರಗಳು ಮರಳಿ ಬರುವುದಿಲ್ಲ, ಮೂಲ ಬರಹವನ್ನು ಬೇರೆಯಾಗಿ ಇಟ್ಟುಕೊಂಡಿರಬೇಕು.

ಕೊನೆಗೆ ವಿಡಿಯೋದ ಮೊದಲ ಮಾತನ್ನೂ ಕೊನೆಯ ಮಾತನ್ನೂ ಪರೀಕ್ಷಿಸಬೇಕು. ಎರಡೂ ಕಡೆ ಒಂದೇ ಸಮನೆ ತಪ್ಪಿದ್ದರೆ ಎಲ್ಲ ಸಮಯಗಳನ್ನೂ ಅಷ್ಟೇ ಹಿಂದೆಯೋ ಮುಂದೆಯೋ ಸರಿಸಿದರಾಯಿತು. ಆರಂಭದಲ್ಲಿ ಸರಿಯಿದ್ದು ಹೋಗುತ್ತಾ ಹೋಗುತ್ತಾ ಅಂತರ ಬೆಳೆದರೆ, ಸಮಯ ಗುರುತಿಸಿದ ವಿಡಿಯೋ ಮತ್ತು ಈಗ ಓಡುತ್ತಿರುವ ವಿಡಿಯೋ ಬೇರೆ ಬೇರೆ ವೇಗದವು. ಆಗ ಸರಿಸಿ ಪ್ರಯೋಜನವಿಲ್ಲ, ಎಲ್ಲ ಸಮಯಗಳನ್ನೂ ಒಂದೇ ಅನುಪಾತದಲ್ಲಿ ಹಿಗ್ಗಿಸಬೇಕು ಇಲ್ಲವೇ ಕುಗ್ಗಿಸಬೇಕು.